ರಿಲೇ ಸುರುಳಿಗೆ ಅಡ್ಡಲಾಗಿ ಒಂದು ಡಯೋಡ್: ಏಕೆ, ಯಾವುದು, ಹೇಗೆ

ಮೈಕ್ರೋಕಂಟ್ರೋಲರಿನ ಒಂದು ಪಿನ್, ಒಂದು ಟ್ರಾನ್ಸಿಸ್ಟರ್, ಒಂದು ರಿಲೇ. ಇವಿಷ್ಟನ್ನು ಜೋಡಿಸಿ ಡಯೋಡನ್ನು ಮರೆತರೂ ರಿಲೇ ಟಿಕ್ ಎಂದು ಸದ್ದು ಮಾಡುತ್ತದೆ, ದೀಪ ಹೊತ್ತುತ್ತದೆ, ಆರುತ್ತದೆ. ತೊಂದರೆ ಶುರುವಾಗುವುದೇ ಇಲ್ಲಿಂದ. ಏಕೆಂದರೆ ಡಯೋಡ್ ಇಲ್ಲದ ಸರ್ಕ್ಯೂಟ್ ಮೊದಲ ದಿನವೇ ಕೆಡಬೇಕೆಂದಿಲ್ಲ. ನಾನೇ ಹಿಂದೊಮ್ಮೆ ಹೀಗೆ ಬಿಟ್ಟಿದ್ದ ಬೋರ್ಡೊಂದು ಕೆಲವು ವಾರ ಸರಿಯಾಗಿ ನಡೆದು, ಆಮೇಲೆ ಒಂದು ದಿನ ರಿಲೇಯನ್ನು ಬಿಡುಗಡೆ ಮಾಡುವುದನ್ನೇ ನಿಲ್ಲಿಸಿತು. ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುತ್ತ ಒಂದು ಸಂಜೆ ಕಳೆದ ಮೇಲೆ, ಟ್ರಾನ್ಸಿಸ್ಟರಿನ ಕಲೆಕ್ಟರ್ ಮತ್ತು ಎಮಿಟರ್ ಒಳಗೊಳಗೇ ಒಂದಾಗಿ ಹೋಗಿರುವುದು ಮಲ್ಟಿಮೀಟರಿನಲ್ಲಿ ಗೊತ್ತಾಯಿತು.

ಈ ಲೇಖನದುದ್ದಕ್ಕೂ ಒಂದೇ ಉದಾಹರಣೆಯನ್ನು ಇಟ್ಟುಕೊಳ್ಳೋಣ: 12 ವೋಲ್ಟಿನ ನೇರ ವಿದ್ಯುತ್ತಿನ ಸಣ್ಣ ರಿಲೇ, ಅದನ್ನು ನಡೆಸಲು BC547 ಟ್ರಾನ್ಸಿಸ್ಟರ್, ಆದೇಶ ಕೊಡಲು 5 ವೋಲ್ಟಿನ ಪಿನ್. ಸುರುಳಿಯ ಒಂದು ತುದಿ 12 ವೋಲ್ಟಿನ ಧನ ತಂತಿಗೆ, ಇನ್ನೊಂದು ತುದಿ ಕಲೆಕ್ಟರಿಗೆ, ಎಮಿಟರ್ ನೆಲದ ತಂತಿಗೆ ಸೇರಿರುತ್ತದೆ. ಪಿನ್ ಮತ್ತು ಬೇಸ್ ನಡುವೆ 1 ಕಿಲೋಓಮ್ ರೋಧಕವಿದ್ದರೆ ಬೇಸಿಗೆ ಸುಮಾರು 4.3 ಮಿಲಿಆಂಪಿಯರ್ ಸಿಗುತ್ತದೆ, ಇಷ್ಟು ಸಾಕು.

ಮೊದಲ ಹಂತ: ಸುರುಳಿಯನ್ನು ಅಳೆಯಿರಿ

ರಿಲೇಯನ್ನು ಬೋರ್ಡಿಗೆ ಬೆಸೆಯುವ ಮೊದಲು ಮಲ್ಟಿಮೀಟರನ್ನು ಓಮ್ ಶ್ರೇಣಿಗೆ ತಿರುಗಿಸಿ ಸುರುಳಿಯ ಎರಡು ಕಾಲುಗಳ ನಡುವಿನ ರೋಧವನ್ನು ಓದಿಕೊಳ್ಳಿ. ಈ ಗಾತ್ರದ 12 ವೋಲ್ಟಿನ ರಿಲೇಗಳಲ್ಲಿ 400 ಓಮ್ ಸಾಮಾನ್ಯವಾಗಿ ಕಾಣುವ ಬೆಲೆ. 12 ವೋಲ್ಟನ್ನು 400ರಿಂದ ಭಾಗಿಸಿದರೆ 30 ಮಿಲಿಆಂಪಿಯರ್ ಬರುತ್ತದೆ. ಮುಂದಿನ ಎಲ್ಲ ಲೆಕ್ಕಕ್ಕೂ ಈ 30 ಮಿಲಿಆಂಪಿಯರೇ ಆಧಾರ, ಆದ್ದರಿಂದ ನಿಮ್ಮ ರಿಲೇಯ ಪ್ರವಾಹ ಎಷ್ಟೆಂಬುದನ್ನು ಬರೆದಿಟ್ಟುಕೊಳ್ಳಿ. 5 ವೋಲ್ಟಿನ ರಿಲೇಯಾದರೆ ಸುರುಳಿಯ ರೋಧ 70 ಓಮ್ ಆಸುಪಾಸಿನಲ್ಲಿದ್ದು ಪ್ರವಾಹ 70 ಮಿಲಿಆಂಪಿಯರ್ ದಾಟಬಹುದು. BC547ರ ಮಿತಿಯಾದ 100 ಮಿಲಿಆಂಪಿಯರಿಗೆ ಅದು ತೀರ ಹತ್ತಿರವಾಗುತ್ತದೆ.

ಸುರುಳಿಯ ಇಂಡಕ್ಟನ್ಸ್ ಸಾಮಾನ್ಯ ಮಲ್ಟಿಮೀಟರಿನಲ್ಲಿ ಸಿಗುವುದಿಲ್ಲ, ತಯಾರಕರ ವಿವರಪಟ್ಟಿಯಲ್ಲೂ ಹಲವು ಬಾರಿ ಇರುವುದಿಲ್ಲ. ಕಬ್ಬಿಣದ ತಿರುಳಿನ ಮೇಲೆ ಸಾವಿರಾರು ಸುತ್ತು ತೆಳುತಂತಿ ಸುತ್ತಿರುವುದರಿಂದ ಅದು ಸಣ್ಣ ಸಂಖ್ಯೆಯಂತೂ ಅಲ್ಲ. ಲೆಕ್ಕಕ್ಕಾಗಿ ಅರ್ಧ ಹೆನ್ರಿ ಎಂದು ಹಿಡಿಯೋಣ. ಕಬ್ಬಿಣದ ಆರ್ಮೇಚರ್ ತಿರುಳಿಗೆ ಅಂಟಿಕೊಂಡಿರುವಾಗ ಈ ಬೆಲೆ ಹೆಚ್ಚು, ಬಿಟ್ಟುಕೊಂಡಾಗ ಕಡಿಮೆ ಎಂಬುದು ನೆನಪಿರಲಿ.

ಎರಡನೆಯ ಹಂತ: ಡಯೋಡ್ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಲೆಕ್ಕ ಹಾಕಿ

ಪ್ರವಾಹ ಹರಿಯುತ್ತಿರುವಾಗ ಸುರುಳಿಯ ಸುತ್ತಲಿನ ಕಾಂತಕ್ಷೇತ್ರದಲ್ಲಿ ಶಕ್ತಿ ಕೂಡಿರುತ್ತದೆ.

```
E = 1/2 × L × I²
  = 0.5 × 0.5 × 0.03²
  = 0.000225 J
```

ಇದು ಕಾಲು ಮಿಲಿಜೌಲಿಗೂ ಕಡಿಮೆ. ಸಂಖ್ಯೆಯಾಗಿ ನೋಡಿದರೆ ಅಲ್ಪವೇ. ಆದರೆ ಅದು ಎಷ್ಟು ಇಕ್ಕಟ್ಟಾದ ಜಾಗದಲ್ಲಿ, ಎಷ್ಟು ಬೇಗ ಹೊರಬರಬೇಕಾಗುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಟ್ರಾನ್ಸಿಸ್ಟರ್ ಮುಚ್ಚಿಕೊಂಡ ಕ್ಷಣ ಹರಿಯುತ್ತಿದ್ದ 30 ಮಿಲಿಆಂಪಿಯರಿಗೆ ದಾರಿ ಇಲ್ಲದಂತಾಗುತ್ತದೆ. ಕಾಂತಕ್ಷೇತ್ರ ಕುಸಿಯತೊಡಗುತ್ತದೆ, ಮತ್ತು ಕುಸಿಯುವ ಕ್ಷೇತ್ರ ತನ್ನದೇ ಸುರುಳಿಯಲ್ಲಿ ವೋಲ್ಟೇಜನ್ನು ಹುಟ್ಟಿಸುತ್ತದೆ. ಈ ವೋಲ್ಟೇಜಿನ ದಿಕ್ಕು ಪ್ರವಾಹವನ್ನು ಮೊದಲಿದ್ದ ದಿಕ್ಕಿನಲ್ಲೇ ಮುಂದುವರಿಸುವಂತಿರುತ್ತದೆ. ಅಂದರೆ ಇದುವರೆಗೆ ವೋಲ್ಟೇಜನ್ನು ಪಡೆಯುತ್ತಿದ್ದ ಸುರುಳಿ ಈಗ ತಾನೇ ಬ್ಯಾಟರಿಯಾಗುತ್ತದೆ, ಅದರ ಧನ ತುದಿ ಕಲೆಕ್ಟರಿನ ಕಡೆಗಿರುತ್ತದೆ. ಪ್ರವಾಹದ ದಿಕ್ಕು ಬದಲಾಗುವುದಿಲ್ಲ, ಸುರುಳಿಯ ಮೇಲಿನ ವೋಲ್ಟೇಜಿನ ದಿಕ್ಕು ಬದಲಾಗುತ್ತದೆ. ಈ ಎರಡನ್ನು ಬೆರೆಸಿಕೊಂಡವರೇ ಡಯೋಡನ್ನು ತಿರುಗಾಮುರುಗಾ ಹಾಕುವುದು.

ವೋಲ್ಟೇಜ್ ಎಲ್ಲಿಯವರೆಗೆ ಏರುತ್ತದೆ? ಹೊರದಾರಿ ಇಲ್ಲದ ಪ್ರವಾಹ, ಸುರುಳಿಯ ಸುತ್ತುಗಳ ನಡುವೆ ಮತ್ತು ಕಲೆಕ್ಟರಿನಲ್ಲಿ ಇದ್ದೇ ಇರುವ ಅಲ್ಪ ಕೆಪ್ಯಾಸಿಟೆನ್ಸನ್ನು ತುಂಬತೊಡಗುತ್ತದೆ. ಅದನ್ನು 100 ಪಿಕೋಫ್ಯಾರಡ್ ಎಂದು ಹಿಡಿದರೆ, ಕಾಂತಕ್ಷೇತ್ರದ ಶಕ್ತಿಯೆಲ್ಲ ಅಲ್ಲಿಗೆ ಹೋದಾಗ ಸಿಗುವ ವೋಲ್ಟೇಜ್ ಇಷ್ಟು:

```
V = I × √(L/C)
  = 0.03 × √(0.5 / 100e-12)
  ≈ 2100 V
```

ಇದು ನಷ್ಟಗಳನ್ನೆಲ್ಲ ಬದಿಗಿಟ್ಟ ಲೆಕ್ಕ. ರಿಲೇ ಸಾವಿರಾರು ವೋಲ್ಟ್ ಹೊರಹಾಕುತ್ತದೆ ಎಂಬ ಮಾತನ್ನು ಎಲ್ಲೆಡೆ ಓದುತ್ತೇವೆ. ಟ್ರಾನ್ಸಿಸ್ಟರ್ ಇರುವ ಸರ್ಕ್ಯೂಟಿನಲ್ಲಿ ಅದು ಅಳತೆಗೆ ಸಿಗುವುದು ಅಪರೂಪ. ಕಾರಣ, ವೋಲ್ಟೇಜ್ ಅಷ್ಟು ದೂರ ಹೋಗುವ ಮೊದಲೇ ಟ್ರಾನ್ಸಿಸ್ಟರ್ ಸೋಲುತ್ತದೆ. BC547ರ ಕಲೆಕ್ಟರ್ ಮತ್ತು ಎಮಿಟರ್ ನಡುವಿನ ಮಿತಿ 45 ವೋಲ್ಟ್. ಕೈಗೆ ಸಿಕ್ಕ ಒಂದು ಟ್ರಾನ್ಸಿಸ್ಟರ್ ಇದಕ್ಕಿಂತ ಸ್ವಲ್ಪ ಹೆಚ್ಚನ್ನು ತಡೆದು, ಉದಾಹರಣೆಗೆ 80 ವೋಲ್ಟಿನಲ್ಲಿ ಬ್ರೇಕ್‌ಡೌನ್ ಆಗುತ್ತದೆ ಎಂದುಕೊಳ್ಳಿ. ಆಗ ಮುಚ್ಚಿರಬೇಕಾದ ಟ್ರಾನ್ಸಿಸ್ಟರಿನ ಮೂಲಕವೇ 30 ಮಿಲಿಆಂಪಿಯರ್ ನುಗ್ಗುತ್ತದೆ. 80 ವೋಲ್ಟನ್ನು 30 ಮಿಲಿಆಂಪಿಯರಿನಿಂದ ಗುಣಿಸಿದರೆ 2.4 ವ್ಯಾಟ್, ಅರ್ಧ ವ್ಯಾಟಿನ ಆಸುಪಾಸು ತಡೆಯಬಲ್ಲ ಭಾಗದ ಮೇಲೆ ಇದು ಸುಮಾರು 0.2 ಮಿಲಿಸೆಕೆಂಡ್ ಕಾಲ, ಇಳಿಯುತ್ತ ಇಳಿಯುತ್ತ, ಬೀಳುತ್ತದೆ. ಅವಧಿ ಅಷ್ಟು ಚಿಕ್ಕದಾದ್ದರಿಂದಲೇ ಟ್ರಾನ್ಸಿಸ್ಟರ್ ಮೊದಲ ಏಟಿಗೆ ಸಾಯುವುದಿಲ್ಲ. ಎಷ್ಟನೆಯ ಏಟಿಗೆ ಸಾಯುತ್ತದೆ ಎಂದು ಯಾರೂ ಹೇಳಲಾರರು.

ಟ್ರಾನ್ಸಿಸ್ಟರಿನ ಬದಲು ಗುಂಡಿಯೊಂದು ಸುರುಳಿಯನ್ನು ನಡೆಸುತ್ತಿದ್ದರೆ ಸೋಲುವುದು ಗಾಳಿ. ಬೇರ್ಪಡುತ್ತಿರುವ ಲೋಹದ ತುದಿಗಳ ನಡುವೆ ಕಿಡಿ ಹಾರುತ್ತದೆ. ಈ ಕಿಡಿಯನ್ನು ಗಮನಿಸಿ, ಉದ್ದ ತಂತಿಯ ಪ್ರವಾಹವನ್ನು ಕಡಿದಾಗ ಅದು ಏಕೆ ಕಾಣುತ್ತದೆ ಎಂದು ಜೋಸೆಫ್ ಹೆನ್ರಿ 1832ರಲ್ಲಿ ಪ್ರಕಟಿಸಿದ. ಇಂಡಕ್ಟನ್ಸಿನ ಮಾನಕ್ಕೆ ಅವನ ಹೆಸರಿರುವುದು ಸುಮ್ಮನೆ ಅಲ್ಲ.

ಮೂರನೆಯ ಹಂತ: ಡಯೋಡನ್ನು ಆರಿಸಿ

ಡಯೋಡ್ ಮಾಡುವ ಕೆಲಸವಿಷ್ಟೇ: ಟ್ರಾನ್ಸಿಸ್ಟರ್ ಮುಚ್ಚಿದಾಗ ಪ್ರವಾಹಕ್ಕೆ ಸುರುಳಿಯ ಇನ್ನೊಂದು ತುದಿಗೇ ಮರಳುವ ದಾರಿ ಕೊಡುವುದು. ಪ್ರವಾಹ ಸುರುಳಿ ಮತ್ತು ಡಯೋಡಿನ ಸಣ್ಣ ವೃತ್ತದಲ್ಲಿ ಸುತ್ತುತ್ತ, ತಂತಿಯ ರೋಧದಲ್ಲಿ ಬಿಸಿಯಾಗಿ ಕರಗುತ್ತದೆ. ಕಲೆಕ್ಟರಿನ ವೋಲ್ಟೇಜ್ 12.7ರ ಆಚೆಗೆ ಏರುವುದಿಲ್ಲ.

ಇಲ್ಲಿ ಹಲವರಿಗೆ ಬರುವ ಸಂದೇಹ, ಅಷ್ಟು ದೊಡ್ಡ ಏಟನ್ನು ತಡೆಯಲು ದೊಡ್ಡ ಡಯೋಡೇ ಬೇಕಲ್ಲವೇ ಎಂಬುದು. ಬೇಡ. ಡಯೋಡ್ ಇದ್ದರೆ ಆ ಏಟು ಹುಟ್ಟುವುದೇ ಇಲ್ಲ. ಸುರುಳಿಯ ಪ್ರವಾಹ ಏಕಾಏಕಿ ಹೆಚ್ಚಲಾರದು. ಆದ್ದರಿಂದ ಡಯೋಡಿನಲ್ಲಿ ಹರಿಯುವ ಪ್ರವಾಹ ಸುರುಳಿಯ ಪ್ರವಾಹದಿಂದಲೇ, ಅಂದರೆ 30 ಮಿಲಿಆಂಪಿಯರಿನಿಂದ ಶುರುವಾಗಿ ಇಳಿಯುತ್ತದೆ. ರಿಲೇ ಎಳೆದುಕೊಂಡಿರುವಾಗ ಡಯೋಡ್ ತಡೆಯಬೇಕಾದದ್ದು ಬರೀ 12 ವೋಲ್ಟನ್ನು. ಸಣ್ಣ ಗಾಜಿನ 1N4148 ಕೂಡ ಇದಕ್ಕೆ ಸಾಕು. ನಾನು ಮಾತ್ರ 1N4007 ಹಾಕುತ್ತೇನೆ: 1 ಆಂಪಿಯರ್ ತಡೆಯುತ್ತದೆ, ಕಾಲುಗಳು ಗಟ್ಟಿ, ಪಟ್ಟಿ ಸ್ಪಷ್ಟವಾಗಿ ಕಾಣುತ್ತದೆ. ಅದು ನಿಧಾನದ ಡಯೋಡ್ ಎಂಬ ಆಕ್ಷೇಪವಿದೆ. ಅದರ ನಿಧಾನ ಇರುವುದು ವಹನವನ್ನು ನಿಲ್ಲಿಸುವಾಗ, ಶುರುಮಾಡುವಾಗಲ್ಲ. ಸೆಕೆಂಡಿಗೆ ಸಾವಿರಾರು ಬಾರಿ ಸುರುಳಿಯನ್ನು ಹಚ್ಚಿ ಆರಿಸುವ ಸರ್ಕ್ಯೂಟುಗಳಲ್ಲಿ ಅದು ಲೆಕ್ಕಕ್ಕೆ ಬರುತ್ತದೆ, ಆಗೊಮ್ಮೆ ಈಗೊಮ್ಮೆ ಟಿಕ್ ಎನ್ನುವ ರಿಲೇಯಲ್ಲಿ ಬರುವುದಿಲ್ಲ.

ಡಯೋಡನ್ನು ಬೆಸೆಯುವ ಮೊದಲೇ ಮಲ್ಟಿಮೀಟರಿನ ಡಯೋಡ್ ಶ್ರೇಣಿಯಲ್ಲಿ ಪರೀಕ್ಷಿಸಿ. ಬೆಸೆದ ಮೇಲೆ ಅಳೆದರೆ ಮೀಟರಿನ ಪ್ರವಾಹ ಪಕ್ಕದಲ್ಲಿರುವ ಸುರುಳಿಯ ಮೂಲಕ ಹೋಗಿಬಿಡುತ್ತದೆ, ಎರಡು ದಿಕ್ಕಿನಲ್ಲೂ ಸಣ್ಣ ಸಂಖ್ಯೆಯನ್ನೇ ತೋರಿಸುತ್ತದೆ, ಮತ್ತು ಒಳ್ಳೆಯ ಡಯೋಡನ್ನು ಕೆಟ್ಟದ್ದೆಂದು ಕಿತ್ತುಹಾಕುವಂತಾಗುತ್ತದೆ.

ನಾಲ್ಕನೆಯ ಹಂತ: ಬೆಸೆಯಿರಿ

ಪಟ್ಟಿ ಇರುವ ತುದಿ 12 ವೋಲ್ಟಿನ ಧನ ತಂತಿಗೆ, ಪಟ್ಟಿ ಇಲ್ಲದ ತುದಿ ಕಲೆಕ್ಟರಿಗೆ. ರಿಲೇ ಎಳೆದುಕೊಂಡಿರುವಾಗ ಡಯೋಡ್ ವಿರುದ್ಧ ದಿಕ್ಕಿನಲ್ಲಿದ್ದು ಏನೂ ಮಾಡದೆ ಕುಳಿತಿರಬೇಕು. ಇದೇ ಸರಿಯಾದ ಜೋಡಣೆಯ ಗುರುತು. BC547ರ ಚಪ್ಪಟೆ ಮುಖವನ್ನು ನಿಮ್ಮ ಕಡೆಗೆ, ಕಾಲುಗಳನ್ನು ಕೆಳಕ್ಕೆ ಹಿಡಿದರೆ ಎಡದಿಂದ ಬಲಕ್ಕೆ ಕಲೆಕ್ಟರ್, ಬೇಸ್, ಎಮಿಟರ್ ಬರುತ್ತವೆ.

ಡಯೋಡ್ ಸುರುಳಿಯ ಎರಡು ಕಾಲುಗಳ ನಡುವೆಯೇ ಇರಬೇಕು. ಅದನ್ನು ಕಲೆಕ್ಟರ್ ಮತ್ತು ಎಮಿಟರ್ ನಡುವೆ ಹಾಕಿದ ಬೋರ್ಡುಗಳನ್ನು ನೋಡಿದ್ದೇನೆ. ಟ್ರಾನ್ಸಿಸ್ಟರನ್ನು ಕಾಪಾಡಬೇಕೆಂಬ ಉದ್ದೇಶ ಸರಿ, ಜಾಗ ತಪ್ಪು: ಕಲೆಕ್ಟರಿನ ವೋಲ್ಟೇಜ್ ಮೇಲಕ್ಕೆ ಏರುವಾಗ ಆ ಡಯೋಡ್ ಮುಚ್ಚಿಕೊಂಡೇ ಇರುತ್ತದೆ. ರಿಲೇ ಬೋರ್ಡಿನಿಂದ ದೂರವಿದ್ದು ಉದ್ದ ತಂತಿಯಲ್ಲಿ ಜೋಡಿಸಿದ್ದರೆ ಡಯೋಡನ್ನು ರಿಲೇಯ ಬಳಿಯೇ ಬೆಸೆಯಿರಿ. ಪ್ರವಾಹ ಸುತ್ತುವ ವೃತ್ತ ಚಿಕ್ಕದಾದಷ್ಟೂ ಅಕ್ಕಪಕ್ಕದ ತಂತಿಗಳಿಗೆ ತಲುಪುವ ಗದ್ದಲ ಕಡಿಮೆ.

ಮೊದಲ ಬಾರಿ ವಿದ್ಯುತ್ ಕೊಡುವಾಗ 12 ವೋಲ್ಟಿನ ತಂತಿಯಲ್ಲಿ ಸರಣಿಯಾಗಿ 100 ಓಮಿನ, 1 ವ್ಯಾಟ್ ಅಥವಾ ಹೆಚ್ಚಿನ ರೋಧಕವೊಂದನ್ನು ಸೇರಿಸಿ, ಅದರ ಎರಡು ತುದಿಗಳಿಗೆ ವೋಲ್ಟ್‌ಮೀಟರ್ ಹಚ್ಚಿ, ರಿಲೇಗೆ ಒಂದೆರಡು ಸೆಕೆಂಡಿನ ಆದೇಶ ಕೊಡಿ. ಡಯೋಡ್ ಸರಿಯಾಗಿದ್ದರೆ ರೋಧಕದ ಮೇಲೆ ಸುಮಾರು 2.4 ವೋಲ್ಟ್ ಕಾಣುತ್ತದೆ. ತಿರುಗಿ ಹಾಕಿದ್ದರೆ ಡಯೋಡ್ ಸುರುಳಿಯನ್ನೇ ದಾಟಿಸಿ ಪ್ರವಾಹವನ್ನು ನೇರವಾಗಿ ಟ್ರಾನ್ಸಿಸ್ಟರಿಗೆ ಸುರಿಯುತ್ತದೆ. ಆಗ ರೋಧಕದ ಮೇಲೆ 11 ವೋಲ್ಟ್ ಕಾಣುತ್ತದೆ, ರಿಲೇ ಸದ್ದು ಮಾಡುವುದಿಲ್ಲ. ರೋಧಕವಿಲ್ಲದೆ ಇದೇ ತಪ್ಪು ಮಾಡಿದ್ದರೆ ಟ್ರಾನ್ಸಿಸ್ಟರ್ ಸುಡುತ್ತಿತ್ತು.

ಐದನೆಯ ಹಂತ: ಕಣ್ಣಿಗೆ ಕಾಣುವಂತೆ ಪರೀಕ್ಷಿಸಿ

ಈ ಏಟನ್ನು ಮಲ್ಟಿಮೀಟರಿನಲ್ಲಿ ನೋಡಲಾಗದು. ಅದರ ಪರದೆ ಬದಲಾಗುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಆಸಿಲೋಸ್ಕೋಪ್ ಇದ್ದವರು ಹತ್ತು ಪಟ್ಟು ಇಳಿಸುವ ಪ್ರೋಬನ್ನು ಕಲೆಕ್ಟರಿಗೆ ಹಚ್ಚಿ, ಏರುವ ಅಂಚಿಗೆ ಟ್ರಿಗರ್ ಇಟ್ಟು, ಒಂದೇ ಬಾರಿಯ ಚಿತ್ರ ಹಿಡಿಯಬಹುದು. ಡಯೋಡ್ ಇಲ್ಲದಾಗ ಕಡಿದಾಗಿ ಏರಿ, ಬ್ರೇಕ್‌ಡೌನ್ ವೋಲ್ಟೇಜಿನಲ್ಲಿ ಚಪ್ಪಟೆಯಾಗಿ ನಿಂತು, ಆಮೇಲೆ ಬೀಳುವ ಗೋಪುರ ಕಾಣುತ್ತದೆ. ಡಯೋಡ್ ಇದ್ದಾಗ 12ಕ್ಕಿಂತ ತುಸುವೇ ಮೇಲಿರುವ ಮೆಟ್ಟಿಲು, ಕೆಲವು ಮಿಲಿಸೆಕೆಂಡಿನ ನಂತರ 12ಕ್ಕೆ ಇಳಿಯುತ್ತದೆ.

ಆಸಿಲೋಸ್ಕೋಪ್ ಇಲ್ಲದವರಿಗೆ ಪುಟ್ಟ ನಿಯಾನ್ ದೀಪವೊಂದಿದ್ದರೆ ಸಾಕು. ಬೋರ್ಡಿನಿಂದ ಹೊರಗೆ, 12 ವೋಲ್ಟಿನ ಧನ ತುದಿಯಿಂದ ಸುರುಳಿಗೆ, ಸುರುಳಿಯಿಂದ ಒತ್ತುಗುಂಡಿಗೆ, ಗುಂಡಿಯಿಂದ ಋಣ ತುದಿಗೆ ತಂತಿ ಎಳೆದು, ನಿಯಾನ್ ದೀಪವನ್ನು ಸುರುಳಿಗೆ ಅಡ್ಡಲಾಗಿ ಜೋಡಿಸಿ. ಇಲ್ಲಿ ಟ್ರಾನ್ಸಿಸ್ಟರಿನ ಬದಲು ಗುಂಡಿಯನ್ನೇ ಬಳಸಬೇಕು. ಟ್ರಾನ್ಸಿಸ್ಟರ್ ಬೇಗನೆ ಸೋತು ವೋಲ್ಟೇಜನ್ನು ತಗ್ಗಿಸುವುದರಿಂದ ದೀಪ ಹೊತ್ತದಿರಬಹುದು. ಕೋಣೆಯನ್ನು ಕತ್ತಲಾಗಿಸಿ ಗುಂಡಿ ಒತ್ತಿ: ಏನೂ ಕಾಣದು, ಏಕೆಂದರೆ ಈ ದೀಪ ಹೊತ್ತಲು ಸುಮಾರು 65ರಿಂದ 90 ವೋಲ್ಟ್ ಬೇಕು. ಗುಂಡಿ ಬಿಡಿ: ಕಿತ್ತಳೆ ಬಣ್ಣದ ಒಂದು ಮಿಂಚು. ಈ ಪರೀಕ್ಷೆ ನಡೆಯುವಾಗ ಸುರುಳಿಯ ತುದಿಗಳನ್ನು ಬೆರಳಿನಿಂದ ಮುಟ್ಟಬೇಡಿ, ಚುರುಕ್ಕೆನ್ನುತ್ತದೆ.

ದೀಪದೊಳಗಿನ ಎರಡು ಕಡ್ಡಿಗಳಲ್ಲಿ ಯಾವುದು ಬೆಳಗಿತು ಎಂಬುದನ್ನೂ ನೋಡಿ. ನಿಯಾನ್ ದೀಪದಲ್ಲಿ ಬೆಳಗುವುದು ಋಣ ಕಡ್ಡಿಯ ಸುತ್ತ. ನಮ್ಮ ಜೋಡಣೆಯಲ್ಲಿ ಬೆಳಗುವುದು 12 ವೋಲ್ಟಿನ ಧನ ತಂತಿಗೆ ಸೇರಿದ ಕಡ್ಡಿ! ಆ ಕ್ಷಣಕ್ಕೆ ಗುಂಡಿಯ ಕಡೆಯ ತುದಿ ಅದಕ್ಕಿಂತ ಹೆಚ್ಚು ಧನವಾಗಿತ್ತು, ಅಂದರೆ ಸುರುಳಿಯ ವೋಲ್ಟೇಜ್ ತಲೆಕೆಳಗಾಗಿತ್ತು ಎಂಬುದಕ್ಕೆ ಇದಕ್ಕಿಂತ ಅಗ್ಗದ ಸಾಕ್ಷಿ ನನಗೆ ಗೊತ್ತಿಲ್ಲ. ಈಗ ಡಯೋಡನ್ನು, ಪಟ್ಟಿ ಧನ ತಂತಿಯ ಕಡೆಗಿರುವಂತೆ, ಸುರುಳಿಗೆ ಅಡ್ಡಲಾಗಿ ಹಚ್ಚಿ ಗುಂಡಿಯನ್ನು ಮತ್ತೆ ಒತ್ತಿ ಬಿಡಿ. ಮಿಂಚು ಕಾಣುವುದಿಲ್ಲ.

ಆರನೆಯ ಹಂತ: ಬಿಡುಗಡೆ ನಿಧಾನವಾದರೆ

ಡಯೋಡಿಗೂ ಒಂದು ಬೆಲೆಯಿದೆ. ಪ್ರವಾಹ ಸುರುಳಿಯಲ್ಲೇ ಸುತ್ತುತ್ತಿರುವಷ್ಟು ಹೊತ್ತು ಕಾಂತಕ್ಷೇತ್ರವೂ ಉಳಿದಿರುತ್ತದೆ, ಆರ್ಮೇಚರ್ ತಡವಾಗಿ ಬಿಟ್ಟುಕೊಳ್ಳುತ್ತದೆ, ಬಿಡುವಾಗಲೂ ಚುರುಕಾಗಿ ಬಿಡುವುದಿಲ್ಲ. ನಮ್ಮ ರಿಲೇಯ ಪ್ರವಾಹ 9 ಮಿಲಿಆಂಪಿಯರಿಗೆ ಇಳಿದಾಗ ಆರ್ಮೇಚರ್ ಕಳಚುತ್ತದೆ ಎಂದು ಹಿಡಿದರೆ, ಬರೀ ಡಯೋಡಿನೊಂದಿಗೆ ಆ ಇಳಿತಕ್ಕೆ ಸುಮಾರು 1.4 ಮಿಲಿಸೆಕೆಂಡ್ ಬೇಕು. ದೀಪ ಅಥವಾ ಪಂಪ್ ನಡೆಸುವವರಿಗೆ ಇದು ಗಮನಕ್ಕೂ ಬಾರದು. ಆದರೆ ರಿಲೇಯ ಸಂಪರ್ಕಗಳು ನೇರ ವಿದ್ಯುತ್ತಿನ ಭಾರಿ ಪ್ರವಾಹವನ್ನು ಕಡಿಯುತ್ತಿದ್ದರೆ, ನಿಧಾನವಾಗಿ ಬೇರ್ಪಡುವ ಸಂಪರ್ಕಗಳ ನಡುವೆ ಕಿಡಿ ಹೆಚ್ಚು ಹೊತ್ತು ನಿಂತು, ಅವು ಸವೆಯುತ್ತವೆ ಅಥವಾ ಅಂಟಿಕೊಳ್ಳುತ್ತವೆ. ಟ್ರಾನ್ಸಿಸ್ಟರನ್ನು ಉಳಿಸಲು ಹೋಗಿ ರಿಲೇಯನ್ನು ಸವೆಸಿದಂತಾಗುತ್ತದೆ.

ಇಂಥಲ್ಲಿ ಡಯೋಡಿನೊಂದಿಗೆ ಸರಣಿಯಾಗಿ 24 ವೋಲ್ಟಿನ ಜೀನರ್ ಡಯೋಡೊಂದನ್ನು ಎದುರುಬದುರಾಗಿ, ಎರಡರ ಪಟ್ಟಿಗಳೂ ಪರಸ್ಪರ ಮುಖ ಮಾಡುವಂತೆ, ಸೇರಿಸಿ. ಸಾಮಾನ್ಯ ಡಯೋಡಿನ ಪಟ್ಟಿ ಇಲ್ಲದ ತುದಿ ಕಲೆಕ್ಟರಿಗೂ ಜೀನರಿನ ಪಟ್ಟಿ ಇಲ್ಲದ ತುದಿ 12 ವೋಲ್ಟಿಗೂ ಹೋಗುತ್ತವೆ. ಈಗ ಸುತ್ತುವ ಪ್ರವಾಹ ಪ್ರತಿ ಸುತ್ತಿನಲ್ಲೂ 24.7 ವೋಲ್ಟಿನ ಬೆಟ್ಟ ಹತ್ತಬೇಕು, ಆದ್ದರಿಂದ ಬೇಗ ಸೊರಗುತ್ತದೆ: ಅದೇ 9 ಮಿಲಿಆಂಪಿಯರಿಗೆ ಇಳಿಯಲು 0.33 ಮಿಲಿಸೆಕೆಂಡ್ ಸಾಕು. ಕಲೆಕ್ಟರ್ ತಲುಪುವ ಗರಿಷ್ಠ ವೋಲ್ಟೇಜ್ 12 ಮತ್ತು 24.7 ಕೂಡಿ 36.7, 45ರ ಮಿತಿಯೊಳಗಿದೆ. ಇನ್ನೂ ಬೇಗ ಆಗಲೆಂದು 36 ವೋಲ್ಟಿನ ಜೀನರ್ ಹಾಕಿದರೆ ಮೊತ್ತ 48 ದಾಟಿ ಮಿತಿ ಮೀರುತ್ತದೆ. ಹೆಚ್ಚಿನ ವೇಗ ಬೇಕಾದವರು ಮೊದಲು ಟ್ರಾನ್ಸಿಸ್ಟರನ್ನು ಬದಲಿಸಬೇಕು.

ಡಯೋಡ್ ಹಾಕಬಾರದ, ಹಾಕಬೇಕಿಲ್ಲದ ಕಡೆಗಳು

ಪರ್ಯಾಯ ವಿದ್ಯುತ್ತಿನ ಸುರುಳಿಗೆ ಇದನ್ನು ಹಾಕಲೇಬಾರದು. ಅರ್ಧ ಚಕ್ರ ಪೂರ್ತಿ ಡಯೋಡ್ ವಾಹಕವಾಗಿ ತಂತಿಗಳನ್ನೇ ಕೂಡಿಸಿಬಿಡುತ್ತದೆ. ಪ್ರವಾಹದ ದಿಕ್ಕು ಬದಲಿಸಿ ನಡೆಸುವ, ಒಂದೇ ಸುರುಳಿಯ ಲ್ಯಾಚಿಂಗ್ ರಿಲೇಗೂ ಇದೇ ಮಾತು. ULN2003 ಚಿಪ್ಪಿನಲ್ಲಿ ಡಯೋಡುಗಳು ಒಳಗೇ ಇವೆ, ಆದರೆ COM ಎಂಬ 9ನೆಯ ಕಾಲನ್ನು ಸುರುಳಿಯ ಧನ ತಂತಿಗೆ ಸೇರಿಸದಿದ್ದರೆ ಅವು ಇದ್ದೂ ಇಲ್ಲದಂತೆ. ಕೆಲವು ರಿಲೇಗಳೊಳಗೇ ಡಯೋಡ್ ಇರುತ್ತದೆ. ಸುರುಳಿಯ ಕಾಲಿನ ಪಕ್ಕ ಧನ ಗುರುತಿದ್ದರೆ ಜೋಡಣೆಯ ದಿಕ್ಕನ್ನು ಅದರಂತೆ ಇಟ್ಟುಕೊಳ್ಳಿ.

ಕೊನೆಗೆ, ಡಯೋಡ್ ಸರಿಯಾಗಿದ್ದರೂ ಮೈಕ್ರೋಕಂಟ್ರೋಲರ್ ಆಗಾಗ ಮರುಪ್ರಾರಂಭವಾಗುತ್ತಿದ್ದರೆ ಅದು ಯಾವ ಕ್ಷಣದಲ್ಲಿ ಆಗುತ್ತದೆ ಎಂಬುದನ್ನು ಗಮನಿಸಿ. ರಿಲೇ ಎಳೆದುಕೊಳ್ಳುವಾಗ ಆದರೆ ವಿದ್ಯುತ್ ಪೂರೈಕೆ ಕುಸಿಯುತ್ತಿದೆಯೇ ಎಂದು ಮೊದಲು ನೋಡಬೇಕು. ಬಿಡುವಾಗ ಆದರೆ, ಸಂಪರ್ಕಗಳಿಗೆ ಕಟ್ಟಿರುವ ಹೊರೆಯನ್ನು ಪೂರ್ತಿ ಬಿಚ್ಚಿ ರಿಲೇಯನ್ನು ಬರಿದೇ ಹತ್ತಿಪ್ಪತ್ತು ಬಾರಿ ಟಿಕ್ಕಿಸಿ. ಆಗಲೂ ಮರುಪ್ರಾರಂಭವಾದರೆ ಸುರುಳಿಯ ಕಡೆಯೇ ತಪ್ಪಿದೆ: ಡಯೋಡಿನ ಬೆಸುಗೆ ಬಿಟ್ಟಿರಬಹುದು, ಅಥವಾ ಅದು ದೂರವಿರಬಹುದು. ಹೊರೆ ಬಿಚ್ಚಿದ ಮೇಲೆ ನಿಂತುಹೋದರೆ ಗದ್ದಲ ಬರುತ್ತಿರುವುದು ಮೋಟಾರು, ಸೊಲೆನಾಯ್ಡ್‌ನಂಥ ಆ ಹೊರೆಯದೇ ಕಾಂತಕ್ಷೇತ್ರ ಸಂಪರ್ಕಗಳ ನಡುವೆ ಹಾರಿಸುವ ಕಿಡಿಯಿಂದ. ಸುರುಳಿಯ ಡಯೋಡ್ ಅದನ್ನು ಮುಟ್ಟಲಾರದು. ನೇರ ವಿದ್ಯುತ್ತಿನ ಹೊರೆಯಾದರೆ ಅದಕ್ಕೆ ಅದರದೇ ಡಯೋಡ್ ಬೇಕು, ಪರ್ಯಾಯ ವಿದ್ಯುತ್ತಿನದಾದರೆ ಆ ವೋಲ್ಟೇಜಿಗೆಂದೇ ಮಾಡಿದ ರೋಧಕ ಮತ್ತು ಕೆಪ್ಯಾಸಿಟರಿನ ಸ್ನಬ್ಬರ್ ಬೇಕು.